ಸೀಕೋ 5: ಹಿಂದಿನ ನಂಬರ್ ಖರೆ, ಡಯಲ್ ಸುಳ್ಳು?

ಮಂಜು, ಬೆಳಗಾವಿ: ಕಾಕಾರ, ಸೀಕೋ 5 ಆಟೋಮ್ಯಾಟಿಕ್ ಒಂದು ನೋಡೇನ್ರಿ. ಕಿತ್ತಳೆ ಡಯಲ್, ಹಿಂದ 7009-876A ಅಂತ ಕೊರದೈತಿ, ಸೀರಿಯಲ್ 8N ಇಂದ ಶುರು. ಮಾರಾಂವ 4,500 ಕೇಳಾಕತ್ತಾನ, ಡಯಲ್ ಹೊಸದರಂಗ ಐತಿ. ಮುಂದಿನ ಫೋಟೋ, ಹಿಂದಿನ ಫೋಟೋ ಎರಡೂ ಹಾಕೇನಿ. ಯಾವ ಮಾಡೆಲ್, ಎಷ್ಟು ಕೊಡಬೇಕ್ರಿ?

ಬಸು, ಗೋಕಾಕ: ಹಿಂದಿನ ನಂಬರ್ ಸೀಕೋಂದ ಐತಿ ಅಂದ್ಮ್ಯಾಲ ಒರಿಜಿನಲ್ಲೇ ಬಿಡ್ರಿ. ಡಯಲ್ ಮ್ಯಾಲ 21 ಜ್ಯುವೆಲ್ಸ್ ಅಂತನೂ ಐತಿ. 17ಕ್ಕಿಂತ 21 ತುಟ್ಟಿ. ತಗೊಂಡ್ಬಿಡ್ರಿ.

ಗಡಿಯಾರ ಕಾಕಾ: ಬಸು ಅರ್ಧ ಖರೆ ಹೇಳ್ಯಾನ. ಹಿಂದಿನ ಮುಚ್ಚಳ ಸೀಕೋಂದೇ ಇರಬಹುದು. ಅದ್ರಾಗ ಮೊದಲಿನ ನಾಲ್ಕು ಅಂಕಿ ಮಷಿನ್ ನಂಬರ್, ಗೆರಿ ಆದಮ್ಯಾಲಿಂದು ಕೇಸ್ ನಂಬರ್. ಅಂದ್ರ 7009 ಮಷಿನ್, 876A ಕೇಸ್. ಆದ್ರ ಮುಚ್ಚಳ ತನ್ನ ಸುದ್ದಿ ಅಷ್ಟ ಹೇಳತೈತಿ. ಡಯಲ್ ಬ್ಯಾರೆ, ಮುಳ್ಳು ಬ್ಯಾರೆ, ಒಳಗ ಮಷಿನ್ ಬ್ಯಾರೆ ಇರಾಕ ಏನೂ ಅಡ್ಡಿ ಇಲ್ಲ.

ಈಗ 21 ಜ್ಯುವೆಲ್ಸ್ ಮಾತು. ಅದ ಈ ವಾಚ್ ಕೆಡಿಸಿದ್ದು. 7009 ಮಷಿನ್‌ದಾಗ ಇರೂದು 17 ಜ್ಯುವೆಲ್. 21 ಇರೂದು 1996ರ ಸುಮಾರು ಬಂದ 7S26 ಮಷಿನ್‌ದಾಗ, ಆ ವಾಚಿನ ಡಯಲ್ ನೋಡಿ ಯಾರೋ ಇದನ್ನ ಅಚ್ಚು ಹಾಕ್ಯಾರ. ಮಷಿನ್ ಒಂದು ಲೆಕ್ಕ, ಡಯಲ್ ಇನ್ನೊಂದು ಲೆಕ್ಕ ಹೇಳಿದ್ರ ಸುಳ್ಳು ಹೇಳೂದು ಡಯಲ್.

ಮಂಜು, ನಿಮ್ಮ ಫೋಟೋ ದೊಡ್ಡದು ಮಾಡಿ 6ರ ಕೆಳಗ, ಡಯಲ್ ಅಂಚಿಗೆ ನೋಡ್ರಿ. ಕಂಪನಿ ಡಯಲ್ ಆಗಿದ್ರ ಅಲ್ಲಿ ಇರುವೆ ಸಾಲಿನಂಗ ಸಣ್ಣ ಅಕ್ಷರ ಇರತಾವ: 7009, ಗೆರಿ, ಡಯಲ್ ನಂಬರ್, ಕಡೀಕ ಒಂದು R ಅಥವಾ T. ನಿಮ್ಮದ್ರಾಗ ಅಲ್ಲಿ ಬರೇ ಕಿತ್ತಳೆ ಬಣ್ಣ ಐತಿ. ತಾರೀಖಿನ ಕಿಟಕಿ ಅಂಚು ನೋಡ್ರಿ, ಬಣ್ಣ ಒಳಗ ಇಳದೈತಿ. 4ರ ಹತ್ರ ನಿಮಿಷದ ಗೆರಿ ಗಂಟೆ ಗುರುತಿಗೆ ಕೂಡಿಲ್ಲ, ಒಂದು ಕೂದಲಷ್ಟು ಸರದೈತಿ. ಇದು ರೀಡಯಲ್. ಹಳೇ ಡಯಲ್ ಉಜ್ಜಿ ಮ್ಯಾಲ ಬಣ್ಣ ಹಾಕಿದ್ದು.

ಸೀರಿಯಲ್‌ದಾಗ ಮೊದಲ ಅಂಕಿ ವರ್ಷದ ಕಡೇ ಅಂಕಿ, ಎರಡನೇದು ತಿಂಗಳು. 1ರಿಂದ 9 ಅಂಕಿ, ಆಮ್ಯಾಲ O, N, D. 8N ಅಂದ್ರ ನವೆಂಬರ್ 1978 ಇಲ್ಲಾ 1988. ನಂಬರ್ ಒಂದರ ಮ್ಯಾಲೇ ಎರಡರಾಗ ಯಾವುದು ಅಂತ ಹೇಳಾಕ ಆಗಂಗಿಲ್ಲ.

ಸಿದ್ದು, ಇಂಡಿ: ಕಾಕಾ, ಎಚ್‌ಎಂಟಿ ಜನತಾ ಲಕ್ಷಕ್ಕ ಹೋಗತೈತಿ ಅಂತ ಮೆಸೇಜ್ ಬಂದೈತಿ, ಖರೇನ್ರಿ?

ಗಡಿಯಾರ ಕಾಕಾ: ಇಲ್ಲ.

ಮಂಜು, ಬೆಳಗಾವಿ: ರೀಡಯಲ್ ಆದ್ರೂ ಚಲೋ ನಡೀತೈತ್ರಿ. ರೇಟ್ ಎಷ್ಟು ಆಗಬಹುದು?

ಗಡಿಯಾರ ಕಾಕಾ: ಕೂಡಿಸಿ ನೋಡ್ರಿ. ಮಷಿನ್ ಖರೇನ 7009 ಇದ್ದು ನಡೀತಿದ್ರ 900. ಕೇಸ್ ಮತ್ತ ಮುಚ್ಚಳ ಸೇರಿ 500, ಅದೂ ಅಂಚು ಉಳದಿದ್ರ. ನಿಮ್ಮ ಕೇಸ್ ಪಾಲಿಶ್ ಆಗೈತಿ, ಪಟ್ಟಾ ಕೂಡೂ ಕಾಲಿನ ಗೆರಿ ದುಂಡಗ ಆಗ್ಯಾವ, ಹಂಗಾಗಿ 350 ಹಿಡೀರಿ. ಗ್ಲಾಸ್ 150. ಡಯಲ್ಲಿಗೆ ಸೊನ್ನೆ. ಎಲ್ಲಾ ಸೇರಿ 1,400. ಎಣ್ಣಿ ಹಾಕಿಸಿ ಎಷ್ಟು ವರ್ಷ ಆತು ಗೊತ್ತಿಲ್ಲ ಅಂದ್ರ ಸರ್ವಿಸ್ ಖರ್ಚು 600 ಅದ್ರಾಗ ಕಳೀರಿ. ಇದ ಮಾಡೆಲ್ಲು ಉಜ್ಜದ ಕೇಸ್, ಕಂಪನಿ ಡಯಲ್ ಜೋಡಿ ಬಂದ್ರ 4,000 ಕೊಟ್ರೂ ನಾ ಬ್ಯಾಡ ಅನ್ನಂಗಿಲ್ಲ. ಡಯಲ್ ಮಾಸಿದ್ರೂ ಅಡ್ಡಿ ಇಲ್ಲ, ಮಾಸಿದ್ದು ಖರೇ ಡಯಲ್ ಅನ್ನೂದಕ್ಕ ಸಾಕ್ಷಿ.

ರಾಜು, ವಿಜಯಪುರ: ಇದು ಅತಿ ಆತ್ರಿ ಕಾಕಾ. ಮಾಸಿದ ಡಯಲ್ ಯಾರ್ ಕಟ್ಕೋತಾರ? ಗಿರಾಕಿಗೆ ಬಣ್ಣ ಬೇಕು. ನಾವು ರೀಡಯಲ್ 2,500ಕ್ಕ ಆರಾಮ ಮಾರತೇವಿ, ಯಾರೂ ತಿರುಗಿ ಬಂದಿಲ್ಲ.

ಗಡಿಯಾರ ಕಾಕಾ: ರೀಡಯಲ್ ಅಂತ ಹೇಳಿ ಮಾರ್ರಿ, 3,000 ತಗೋರಿ, ನನ್ನ ತಕರಾರು ಇಲ್ಲ.

ರಾಜು, ವಿಜಯಪುರ: ಕೇಳಿದ್ರ ಹೇಳತೇವಿ.

ಅಕ್ಕಮ್ಮ, ಬಾಗಲಕೋಟೆ: ಕೇಳೂದು ಗೊತ್ತಿರದಾಂವ ಹೆಂಗ ಕೇಳತಾನ್ರಿ ರಾಜು ಅಣ್ಣಾ? ಕಾಯಿಪಲ್ಲೆ ಮಾರೋರೂ ಹುಳ ಇದ್ರ ತಗದು ತೋರಸ್ತಾರ.

ರಾಜು, ವಿಜಯಪುರ: ಅಕ್ಕಾರ, ವ್ಯಾಪಾರ ಮಾಡಿದೋರು ಮಾತಾಡ್ರಿ.

ಅಕ್ಕಮ್ಮ, ಬಾಗಲಕೋಟೆ: ರೊಕ್ಕ ಕಳಕೊಂಡೋರೂ ಮಾತಾಡಬಹುದಲ್ರೀ.

ಬಸು, ಗೋಕಾಕ: ಮಂಜು, ಗ್ಲಾಸ್ ಮ್ಯಾಲ ಗೀರು ಅದಾವಲ್ಲ, ಟೂತ್‌ಪೇಸ್ಟ್ ಹಚ್ಚಿ ಉಜ್ರಿ, ಹೋಕ್ಕಾವ. ಒಳಗ ಮಂಜು ಕಟ್ಟಿದ್ರ ಅಕ್ಕಿ ಡಬ್ಬಿಯೊಳಗ ಎರಡು ದಿನ ಇಡ್ರಿ. ವಿಡಿಯೋ ಕಳಸ್ಲಿ?

ಗಡಿಯಾರ ಕಾಕಾ: ಕಳಸಬ್ಯಾಡ. ಟೂತ್‌ಪೇಸ್ಟ್ ನಡಿಯೂದು ಹಳೇ ಎಚ್‌ಎಂಟಿಯಂಥಾ ಪ್ಲಾಸ್ಟಿಕ್ ಗ್ಲಾಸಿಗೆ. ಇದು ಗಟ್ಟಿ ಮಿನರಲ್ ಗ್ಲಾಸ್, ಗೀರು ಹೋಗಂಗಿಲ್ಲ, ಪೇಸ್ಟ್ ಅಂಚಿನ ಸಂದ್ಯಾಗ ಕುಂತು ಕಲ್ಲಾಗತೈತಿ. ಅಕ್ಕಿ ಡಬ್ಬಿಯಿಂದ ಮುಚ್ಚಿದ ಕೇಸಿನ ಒಳಗಿನ ನೀರು ಹೊರಗ ಬರಂಗಿಲ್ಲ, ಎರಡು ದಿನದಾಗ ಮಷಿನ್ ತುಕ್ಕು ಹಿಡೀತೈತಿ. ನೀರು ಹೊಕ್ಕಿದ್ರ ಅವತ್ತ ಮುಚ್ಚಳ ತಗಸಬೇಕು. ಇಂಥಾ ವಿಡಿಯೋ ನೋಡಿ ಕೆಟ್ಟ ವಾಚೇ ನನ್ನ ಟೇಬಲ್ಲಿಗೆ ಬರತಾವ.

ಶಿವು, ಹುಕ್ಕೇರಿ: ಕಾಕಾ, ನನ್ನ ಟೈಟಾನ್ ಸೆಲ್ ವಾಚ್ ಬಂಗಾರದ ಬಣ್ಣದ್ದು, ಎಷ್ಟಕ್ಕ ಹೋಗಬಹುದು?

ಸಿದ್ದು, ಇಂಡಿ: ಲಕ್ಷ ಇಲ್ಲಂದ್ರ ಜನತಾ 50 ಸಾವಿರಕ್ಕಾದ್ರೂ?

ಗಡಿಯಾರ ಕಾಕಾ: ಮಂಜು, ಇವತ್ತು ಅಂಗಡಿಗೆ ಹೋದ್ರ ಮುಚ್ಚಳ ತಗಸೂಕಿಂತ ಮೊದಲ ಇಷ್ಟು ನೋಡ್ರಿ. ಚಾವಿ ಎಳಿಲಾರ್ದ ಹಂಗ ತಿರುವ್ರಿ. 7009ಕ್ಕ ಕೈಲೆ ಚಾವಿ ಕೊಡಾಕ ಬರಂಗಿಲ್ಲ, ಸ್ಪ್ರಿಂಗ್ ಬಿಗಿ ಆಗೂದು ಕೈಗೆ ತಿಳದ್ರ ಅದು ಬ್ಯಾರೆ ಮಷಿನ್. ಆಮ್ಯಾಲ ಒಂದು ಹಂತ ಎಳದು ತಿರುವ್ರಿ, ಒಂದು ಕಡೆ ತಾರೀಖು, ಇನ್ನೊಂದು ಕಡೆ ವಾರ ಓಡಬೇಕು. ಪೂರ್ತಿ ಎಳದ್ರ ಸೆಕೆಂಡ್ ಮುಳ್ಳು ನಿಲ್ಲಬಾರದು, 7009ದಾಗ ನಿಲ್ಲಸೂ ಸೌಲತ್ತಿಲ್ಲ. ಕಡೀಕ ಮುಚ್ಚಳ ತಗಸ್ರಿ. ಬ್ಯಾಲೆನ್ಸ್ ಚಕ್ರದ ಹತ್ರ 7009A ಅಂತ ಬರದಿರಬೇಕು. ತಗಿಯಾಕ ಒಲ್ಲೆ ಅಂದ್ರ ಎದ್ದು ಬರ್ರಿ.

ರಾಜು, ವಿಜಯಪುರ: ಎಲ್ಲಾ ಗಿರಾಕಿಗೂ ಮುಚ್ಚಳ ತಗದು ತೋರಸ್ತಾ ಕುಂತ್ರ ವಾಷರ್ ಹರೀತೈತಿ.

ಗಡಿಯಾರ ಕಾಕಾ: ವಾಷರ್ 20 ರೂಪಾಯಿ.

ಮಂಜು, ಬೆಳಗಾವಿ: ಅಂಗಡ್ಯಾಗ ಅದೇನ್ರಿ. ಚಾವಿ ಬಿಗಿ ಆಗಲಿಲ್ಲ, ತಾರೀಖು, ವಾರ ಎರಡೂ ಓಡಿದ್ವು. ಆದ್ರ ಪೂರ್ತಿ ಎಳದಾಗ ಸೆಕೆಂಡ್ ಮುಳ್ಳು ನಿಂತ್ತು!

ಬಸು, ಗೋಕಾಕ: ಮುಗೀತು, ಡುಪ್ಲಿಕೇಟ್.

ಗಡಿಯಾರ ಕಾಕಾ: ಬಸು, ನೀ ಸ್ವಲ್ಪ ಸುಮ್ನಿರು. ಮಂಜು, ಎಳದು ಕೈ ಬಿಟ್ಟಿದ್ರೋ, ಇಲ್ಲಾ ಮುಳ್ಳು ಹಿಂದಕ ತಿರುವಾಕತ್ತಿದ್ರೋ? ಹಿಂದಕ ಸಣ್ಣಗ ಒತ್ತು ಕೊಟ್ರ 7009ದಾಗೂ ಸೆಕೆಂಡ್ ಮುಳ್ಳು ನಿಲ್ಲತೈತಿ. ಎಳದು, ಕೈ ತಗದು, ಹತ್ತು ಸೆಕೆಂಡ್ ನೋಡ್ರಿ. ನಿಂತ್ರ ನಾ ಹೇಳಿದ 1,400 ಲೆಕ್ಕನೂ ಬಿಡ್ರಿ.

ಮಂಜು, ಬೆಳಗಾವಿ: ತಿರುವಾಕತ್ತಿದ್ದೆ ಅನಸತೈತ್ರಿ. ಮತ್ತ ನೋಡತೇನಿ ಅಂದ್ರ, ತಗೋಳಾಂವ ಇದ್ರ ಮುಟ್ಟು, ಇಲ್ಲಾ ಇಡು ಅನ್ನಾಕತ್ತಾನ. ಮುಚ್ಚಳ ತಗಿಯಂಗಿಲ್ಲಂತ. 2,800ಕ್ಕ ಇಳದಾನ.

ಗಡಿಯಾರ ಕಾಕಾ: ಇಟ್ಟು ಬರ್ರಿ.

ಶಿವು, ಹುಕ್ಕೇರಿ: ಕಾಕಾ ನನ್ನ ಟೈಟಾನ್…