ಮೂರು ಅಂಗಡಿ, ಒಂದು ವೆಬ್‌ಸೈಟ್: ಕೆಲಸ ಯಾರ ಕೈಗೆ ಕೊಡುವುದು?

ಪ್ರಶ್ನೆ (ರೆಡಿಮೇಡ್ ಅಂಗಡಿಯವರು, ಕಾಸರಗೋಡು):
ಕಾಸರಗೋಡು, ಕುಂಬಳೆ, ಉಪ್ಪಳದಲ್ಲಿ ನಮ್ಮ ಬಟ್ಟೆ ಅಂಗಡಿಗಳಿವೆ. ಬಿಲ್ಲು, ಸ್ಟಾಕು ಎಲ್ಲ ಟ್ಯಾಲಿಯಲ್ಲಿ. ಮುಂದಿನ ವರ್ಷ ಮಂಗಳೂರಿನಲ್ಲೂ ಒಂದು ತೆರೆಯುವ ಯೋಚನೆ ಇದೆ. ಈಗ ಆನ್‌ಲೈನ್ ಮಾರಾಟ ಶುರು ಮಾಡಬೇಕು, ಮೂರೂ ಕಡೆಯ ಸ್ಟಾಕು ವೆಬ್‌ಸೈಟಿನಲ್ಲಿ ಸರಿಯಾಗಿ ಕಾಣಬೇಕು. ಒಬ್ಬ ಫ್ರೀಲಾನ್ಸರ್ 90,000ಕ್ಕೆ ಮಾಡಿಕೊಡುತ್ತೇನೆ, ಆಮೇಲಿನ ಕೆಲಸಕ್ಕೆ ಗಂಟೆಗೆ 800 ಅಂದಿದ್ದಾರೆ. ಏಜೆನ್ಸಿಯವರು 4.5 ಲಕ್ಷ, ಮತ್ತೆ ತಿಂಗಳಿಗೆ 25,000 ಕೇಳಿದ್ದಾರೆ. 40,000 ಸಂಬಳಕ್ಕೆ ಒಬ್ಬ ಡೆವಲಪರನ್ನೇ ಇಟ್ಟುಕೊಳ್ಳುವಾ ಅಂತ ಮಗ ಹೇಳುತ್ತಾನೆ. ಯಾವುದು ಸರಿ?

ಉತ್ತರ (ಅಂಗಡಿಗಳ ಸಾಫ್ಟ್‌ವೇರ್ ಕೆಲಸ ಮಾಡುವವರು, ಮಂಜೇಶ್ವರ):
ಅಣ್ಣಾ, ಮೊದಲು ಒಂದು ವಿಷಯ ನೋಡಿ. ನಿಮ್ಮ ಟ್ಯಾಲಿಯಲ್ಲಿ ಒಂದು ಚೂಡಿದಾರ್ ಹೇಗೆ ಬರೆದಿದೆ? "ಚೂಡಿದಾರ್ ಸೆಟ್, 40 ಪೀಸ್" ಅಂತ ಒಂದೇ ಸಾಲಿನಲ್ಲಿದ್ದರೆ, ಮೂವರಲ್ಲಿ ಯಾರನ್ನು ಹಿಡಿದರೂ ಕೆಲಸ ಕೆಡುತ್ತದೆ. ಗಿರಾಕಿ ಕೇಳುವುದು ನೀಲಿ ಬಣ್ಣದ ಎಲ್ ಸೈಜು. ಆ ಒಂದು ಪೀಸು ಕುಂಬಳೆಯಲ್ಲಿ ಇದೆಯೋ ಇಲ್ಲವೋ ಅಂತ ಟ್ಯಾಲಿಗೇ ಗೊತ್ತಿಲ್ಲದಿದ್ದರೆ ವೆಬ್‌ಸೈಟಿಗೆ ಎಲ್ಲಿಂದ ಗೊತ್ತಾಗಬೇಕು? ಪ್ರತಿ ಸೈಜು, ಪ್ರತಿ ಬಣ್ಣಕ್ಕೆ ಬೇರೆ ಕೋಡು, ಬೇರೆ ಬಾರ್‌ಕೋಡ್ ಆಗಬೇಕು. ಇದು ಡೆವಲಪರ್ ಮಾಡುವ ಕೆಲಸ ಅಲ್ಲ. ಬಟ್ಟೆ ಗೊತ್ತಿರುವ ನಿಮ್ಮ ಅಂಗಡಿಯವರೇ ಕೂತು ಮಾಡಬೇಕು. ಹಾಗಾಗಿ ನೀವು ಮೊದಲು ಸಂಬಳ ಕೊಟ್ಟು ಇಟ್ಟುಕೊಳ್ಳಬೇಕಾದದ್ದು ಸ್ಟಾಕು, ಫೋಟೋ, ಬೆಲೆ, ಆರ್ಡರ್ ನೋಡಿಕೊಳ್ಳುವ ಒಬ್ಬರನ್ನು. ಈಗ ಕೌಂಟರಿನಲ್ಲಿರುವ ಚುರುಕಾದ ಒಬ್ಬರು ಸಾಕು.

ಆಮೇಲೆ ಲೆಕ್ಕ ಹಾಕಿ. ಫೋಟೋ ಹಾಕುವುದು, ಆಫರ್ ಬದಲಿಸುವುದು ಎಲ್ಲ ಅವರ ಪಾಲಿಗೆ ಹೋದರೆ, ವೆಬ್‌ಸೈಟ್ ಎದ್ದು ನಿಂತ ಮೇಲೆ ಡೆವಲಪರಿಗೆ ಉಳಿಯುವ ಕೆಲಸ ತಿಂಗಳಿಗೆ ಸುಮಾರು 20 ಗಂಟೆ ಅಂತ ಇಟ್ಟುಕೊಳ್ಳಿ. ಗಂಟೆಗೆ 800ರಂತೆ ತಿಂಗಳಿಗೆ 16,000. ಮೊದಲ ವರ್ಷ 90,000 ಸೇರಿಸಿದರೂ 2.82 ಲಕ್ಷ. ಸಂಬಳದವನಿಗೆ 4.8 ಲಕ್ಷ, ಏಜೆನ್ಸಿಗೆ 7.5 ಲಕ್ಷ. 40,000 ಸಂಬಳ 50 ಗಂಟೆಯ ಫ್ರೀಲಾನ್ಸ್ ಕೆಲಸಕ್ಕೆ ಸಮ. ಆದರೂ 50 ಆದ ಕೂಡಲೇ ಜನ ಇಡಬೇಡಿ. ಒಬ್ಬನೇ ಇದ್ದರೆ ಅವನ ಕೆಲಸ ಸರಿ ಇದೆಯೋ ಅಂತ ನೋಡುವವರು ಅಂಗಡಿಯಲ್ಲಿ ಯಾರೂ ಇರುವುದಿಲ್ಲ. ಆರು ತಿಂಗಳು ಬಿಡದೆ ತಿಂಗಳಿಗೆ 80 ಗಂಟೆ ಮೀರಿದರೆ ಆಗ ನಿಮ್ಮ ಮಗ ಹೇಳಿದ್ದನ್ನು ಮಾಡಬಹುದು.

ಈಗಿನ ಮಟ್ಟಿಗೆ ನನ್ನ ಮಾತು: ಫ್ರೀಲಾನ್ಸರ್. ಆದರೆ 90,000 ನನಗೆ ಕಡಿಮೆ ಅನ್ನಿಸುತ್ತದೆ. ಟ್ಯಾಲಿಗೆ ಜೋಡಿಸುವ ಕೆಲಸ ಅದರಲ್ಲಿ ಸೇರಿದೆಯಾ ಅಂತ ಬರವಣಿಗೆಯಲ್ಲಿ ಕೇಳಿ.

ಇನ್ನೊಬ್ಬರು (ಕಾಸರಗೋಡು):
ನಾನಾದರೆ ಏಜೆನ್ಸಿಗೇ ಕೊಡುತ್ತೇನೆ. ಒಬ್ಬ ಬಿಟ್ಟರೆ ಇನ್ನೊಬ್ಬ ಇರುತ್ತಾನೆ. ದುಡ್ಡು ಕೊಟ್ಟ ಮೇಲೆ ಕೋಡ್ ನಮ್ಮದೇ ಅಲ್ವಾ, ಬೇಡ ಅನಿಸಿದರೆ ತೆಗೆದುಕೊಂಡು ಬೇರೆಯವರಿಗೆ ಕೊಟ್ಟರಾಯಿತು.

ಮಂಜೇಶ್ವರದವರು:
ಮೊದಲನೆಯದು ಅರ್ಧ ನಿಜ. ಜನ ಇರುತ್ತಾರೆ, ಆದರೆ ನಿಮ್ಮ ಕೆಲಸ ಗೊತ್ತಿದ್ದವನು ಬೇರೆ ಪ್ರಾಜೆಕ್ಟಿಗೆ ಹೋಗಿರುತ್ತಾನೆ. ನಮ್ಮ ಕೆಲಸಕ್ಕೆ ಕೂರುವುದು ಯಾರು, ಅವರು ಬದಲಾದರೆ ಎಷ್ಟು ದಿನ ಮೊದಲು ತಿಳಿಸುತ್ತೀರಿ ಅಂತ ಕೇಳಿಯೇ ಸಹಿ ಹಾಕಬೇಕು.

ಎರಡನೆಯದು ಹಾಗಲ್ಲ. 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 17ರ ಪ್ರಕಾರ ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರಿಗೆ ಸೇರುತ್ತದೆ. ಹೊರಗಿನವರು ಬರೆದದ್ದು ದುಡ್ಡು ಕೊಟ್ಟ ಮಾತ್ರಕ್ಕೆ ನಿಮ್ಮದಾಗುವುದಿಲ್ಲ. ಸೆಕ್ಷನ್ 19ರಂತೆ ಹಕ್ಕನ್ನು ಬರವಣಿಗೆಯಲ್ಲಿ, ಸಹಿ ಸಮೇತ ಬಿಟ್ಟುಕೊಡಬೇಕು. ಆ ಕಾಗದದಲ್ಲಿ ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಐದೇ ವರ್ಷ ಅಂತ ಹಿಡಿಯುತ್ತಾರೆ. ಹಾಗಾಗಿ ಕಾಪಿರೈಟ್ ಇರುವಷ್ಟು ಕಾಲವೂ ಅಂತ ಬರೆಸಿಕೊಳ್ಳಿ. ಕಡೆಯ ಕಂತು ಈ ಕಾಗದ ಕೈಗೆ ಬಂದ ಮೇಲೆಯೇ ಕೊಡಿ. ಕರಡನ್ನು ವಕೀಲರಿಗೆ ಒಮ್ಮೆ ತೋರಿಸಿದರೆ ಒಳ್ಳೆಯದು.

ಬದಿಯಡ್ಕದ ಅಂಗಡಿಯವರು:
ನಮ್ಮ ಕಥೆ ಹೇಳುತ್ತೇನೆ. ಪಾತ್ರೆ ಅಂಗಡಿ. ಹುಡುಗನನ್ನು ಸಂಬಳಕ್ಕೆ ಇಟ್ಟಿದ್ದೆವು, ಒಳ್ಳೆಯ ಹುಡುಗನೇ. ಬೆಂಗಳೂರಲ್ಲಿ ಕೆಲಸ ಸಿಕ್ಕಿತು, ಹೋದ. ಆಮೇಲೆ ನೋಡಿದರೆ ಡೊಮೈನ್ ಅವನ ಸ್ವಂತ ಮೇಲ್‌ನಲ್ಲಿ, ಓಟಿಪಿ ಅವನ ನಂಬರಿಗೆ. ಅವನು ಫೋನ್ ಎತ್ತುವ ತನಕ ನಾವು ಕಾಯುವುದು. ರಿನ್ಯೂ ಮಾಡುವ ದಿನ ದಾಟಿ ಸೈಟೇ ನಿಂತುಹೋಗಿತ್ತು. ಅದಕ್ಕೆ ನಾನು ಹೇಳುವುದು, ಸುಮ್ನೆ ಈ ವೆಬ್‌ಸೈಟ್ ಸಹವಾಸವೇ ಬೇಡ, ವಾಟ್ಸಾಪ್‌ನಲ್ಲಿ ಫೋಟೋ ಕಳುಹಿಸಿ ಮಾರಿ.

ಮಂಜೇಶ್ವರದವರು:
ವಾಟ್ಸಾಪ್ ಒಂದು ಅಂಗಡಿಗೆ ನಡೆಯುತ್ತದೆ. ಮೂರು ಕಡೆ ಸ್ಟಾಕು ಇರುವವರಿಗೆ ಕಷ್ಟ. ಆದರೆ ನೀವು ಹೇಳಿದ್ದು ತುಂಬ ಮುಖ್ಯ. ಡೊಮೈನ್, ಹೋಸ್ಟಿಂಗ್, ಪೇಮೆಂಟ್ ಗೇಟ್‌ವೇ, ಕೋಡ್ ಇಡುವ ಅಕೌಂಟ್, ಈ ನಾಲ್ಕೂ ಅಂಗಡಿಯ ಮೇಲ್‌ನಲ್ಲಿ, ಅಂಗಡಿಯ ಸಿಮ್‌ನಲ್ಲಿ ಇರಬೇಕು. ಡೆವಲಪರಿಗೆ ಬೇರೆ ಯೂಸರ್ ಮಾಡಿಕೊಡಿ. ಆ ಯೂಸರನ್ನು ಒಂದು ದಿನ ಬಂದ್ ಮಾಡಿ ನೋಡಿ. ಸೈಟು ನಡೆಯುತ್ತಿದ್ದರೆ, ನೀವು ಒಳಗೆ ಹೋಗಲಿಕ್ಕೆ ಆದರೆ, ಕೀಲಿ ನಿಮ್ಮ ಕೈಯಲ್ಲೇ ಇದೆ ಅಂತ ಅರ್ಥ.

ಕೇಳಿದವರು:
ನೋಡಿದೆ. ನೀವು ಹೇಳಿದ ಹಾಗೆಯೇ ಇದೆ, "ಚೂಡಿದಾರ್ ಸೆಟ್" ಅಂತ ಒಂದೇ ಸಾಲು. ಅದನ್ನು ಸರಿ ಮಾಡಿಸುತ್ತೇವೆ. ಆದರೆ ಈ ಫ್ರೀಲಾನ್ಸರಿಗೆ ಕೆಲಸ ಗೊತ್ತಿದೆಯೋ ಇಲ್ಲವೋ ನನಗೆ ಹೇಗೆ ತಿಳಿಯಬೇಕು?

ಮಂಜೇಶ್ವರದವರು:
ಮೂರು ಪ್ರಶ್ನೆ ಕೇಳಿ. ಏಜೆನ್ಸಿಯವರಿಗೂ ಅದನ್ನೇ ಕೇಳಿ.

ಒಂದು, ತೆರಿಗೆಯದ್ದು. ರೆಡಿಮೇಡ್ ಪೀಸಿಗೆ ತೆರಿಗೆ ಬಿಟ್ಟು 2,600 ರೂಪಾಯಿ. ಓಣಂಗೆ ಶೇಕಡ 10 ಡಿಸ್ಕೌಂಟ್ ಹಾಕಿದರೆ 2,340. 2025ರ ಸೆಪ್ಟೆಂಬರ್ 22ರಿಂದ ಪೀಸಿಗೆ 2,500ರ ತನಕ ಜಿಎಸ್‌ಟಿ ಶೇಕಡ 5, ಅದರ ಮೇಲೆ 18. ಡಿಸ್ಕೌಂಟ್ ಆದ ಮೇಲಿನ ಬೆಲೆ ನೋಡಿ ತೆರಿಗೆ ಹಾಕುತ್ತೀರಾ? ಪ್ರಾಡಕ್ಟಿಗೆ ಒಂದು ರೇಟ್ ಕಟ್ಟಿ ಬಿಡುತ್ತೇವೆ ಅಂದರೆ ಬಟ್ಟೆ ಅಂಗಡಿಯ ಕೆಲಸ ಅವರು ಮಾಡಿಲ್ಲ.

ಎರಡು, ಮಂಗಳೂರಿನದ್ದು. ಕೇರಳದ ಮೂರು ಅಂಗಡಿಗೆ ಒಂದೇ ಜಿಎಸ್‌ಟಿ ನಂಬರ್ ಸಾಕು, ಕರ್ನಾಟಕದಲ್ಲಿ ಬೇರೆ ಬೇಕು. ಉಪ್ಪಳದಿಂದ ತಲಪಾಡಿ ದಾಟಿ ಮಂಗಳೂರು ಅಂಗಡಿಗೆ ಮಾಲು ಹೋದರೆ, ನಿಮ್ಮದೇ ಅಂಗಡಿಯಾದರೂ ಐಜಿಎಸ್‌ಟಿ ಬಿಲ್ ಆಗಬೇಕು. ಹಾಗಾಗಿ ಯಾವ ಅಂಗಡಿಯಿಂದ ಮಾಲು ಹೊರಡುತ್ತದೆ ಅಂತ ಪ್ರತಿ ಆರ್ಡರಿನಲ್ಲೂ ದಾಖಲಾಗಬೇಕು. ಇದನ್ನು ಈಗಲೇ ಹೇಳದಿದ್ದರೆ ಮುಂದಿನ ವರ್ಷ ಪುನಃ ದುಡ್ಡು ಕೇಳುತ್ತಾರೆ.

ಮೂರು, ರಾತ್ರಿಯದ್ದು. ಹೊರಗಿನ ಪ್ರೋಗ್ರಾಂ ಟ್ಯಾಲಿಯ ಜೊತೆ ಸಾಮಾನ್ಯವಾಗಿ 9000 ಪೋರ್ಟಿನಲ್ಲಿ ಮಾತಾಡುತ್ತದೆ. ಅದಕ್ಕೆ ಟ್ಯಾಲಿ ಇರುವ ಕಂಪ್ಯೂಟರ್ ಆನ್ ಇರಬೇಕು, ಟ್ಯಾಲಿಯೊಳಗೆ ನಿಮ್ಮ ಕಂಪನಿ ತೆರೆದಿರಬೇಕು. ಶಟರ್ ಎಳೆದು ಕಂಪ್ಯೂಟರ್ ಬಂದ್ ಮಾಡಿದ ಮೇಲೆ ಏನಾಗುತ್ತದೆ ಅಂತ ಕೇಳಿ. ಕೆಲಸ ಗೊತ್ತಿದ್ದವರು ಕೂಡಲೇ ಉತ್ತರ ಕೊಡುತ್ತಾರೆ: ಕೊನೆಯ ಲೆಕ್ಕ ಇಟ್ಟುಕೊಂಡು ರಾತ್ರಿಯ ಆರ್ಡರ್ ಅದರಲ್ಲಿ ಕಳೆಯುತ್ತೇವೆ, ಬೆಳಿಗ್ಗೆ ಟ್ಯಾಲಿಗೆ ಸೇರಿಸುತ್ತೇವೆ ಅಂತ.

ಕೇಳಿದವರು:
ಓಣಂ, ಪೆರ್ನಾಳಿನ ರಶ್ಶಿನಲ್ಲಿ ಕೌಂಟರಿನಲ್ಲೂ ಆನ್‌ಲೈನಿನಲ್ಲೂ ಅದೇ ಪೀಸು ಮಾರಿಹೋದರೆ? ಆ ಹೊತ್ತಿಗೆ ಫ್ರೀಲಾನ್ಸರ್ ಸಿಗದಿದ್ದರೆ?

ಮಂಜೇಶ್ವರದವರು:
ಒಂದೇ ಪೀಸು ಉಳಿದದ್ದನ್ನು ಆನ್‌ಲೈನಿನಲ್ಲಿ ತೋರಿಸದ ಹಾಗೆ ಮಾಡಿಸಿ. ತೊಂದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಅದರಲ್ಲಿ ಮಾರಾಟ ಎಷ್ಟು ತಪ್ಪುತ್ತದೆ ಅಂತ ನಿಮ್ಮ ಮಾಲು ನೋಡದೆ ಹೇಳಲಿಕ್ಕಾಗದು. ಸೀಜನ್‌ಗೆ ಎರಡನೆಯ ಡೆವಲಪರ್ ಒಬ್ಬರನ್ನು ಈಗಲೇ ಗುರುತು ಮಾಡಿ, ಬ್ಯಾಕಪ್‌ನಿಂದ ಸೈಟನ್ನು ಬೇರೆ ಕಡೆ ಎಬ್ಬಿಸಿ ತೋರಿಸಲಿಕ್ಕೆ ಹೇಳಿ. ಆ ಗಂಟೆಗಳ ದುಡ್ಡು ಕೊಡಿ.

ಬದಿಯಡ್ಕದ ಅಂಗಡಿಯವರು:
ಇಬ್ಬರ ಕೈಗೆ ಕೊಟ್ಟರೆ ಒಬ್ಬರು ಇನ್ನೊಬ್ಬರ ಮೇಲೆ ಹಾಕುವುದಿಲ್ವಾ?

ಮಂಜೇಶ್ವರದವರು:
ಹಾಕುತ್ತಾರೆ. ಅದಕ್ಕೇ ಎರಡನೆಯವರಿಗೆ ಕೋಡ್ ನೋಡುವ ಅನುಮತಿ ಮಾತ್ರ ಕೊಡಿ. ಮೊದಲನೆಯವರು ಸಿಗದ ದಿನ ಮಾತ್ರ ಬದಲಿಸುವ ಅನುಮತಿ ತೆರೆಯಿರಿ, ತೆರೆದದ್ದನ್ನು ಇಬ್ಬರಿಗೂ ಮೇಲ್ ಹಾಕಿ.