ಎರಡು ಕಾಲಂ ನೋಟ್ಸಲ್ಲಿ ಎಡಗಡೆ ಏನು ಬರೀತೀರಾ? ಒಂದು ಗಂಟೆ ಸೈಕಾಲಜಿ ಕ್ಲಾಸು, ಅನುಭವ ಇರೋರು ಹೇಳಿ

ವಿರಾಜಪೇಟೆ, ಬಿಎ ಮೊದಲ ವರ್ಷ

ಪಾವ್ಲೋವ್ ಪಾಠ ಒಂದು ಗಂಟೆ ಆಯ್ತು. ಪುಟಕ್ಕೆ ಎರಡು ಕಾಲಂ ಹಾಕಿ ಕೆಳಗೆ ಸಾರಾಂಶಕ್ಕೆ ಬಾಕ್ಸ್ ಬಿಟ್ಟು ಬರ್ದೆ. ಬಲಗಡೆ ಮೂರು ಪುಟ ತುಂಬ್ತು, ಎಡಗಡೆ ‘ಪಾವ್ಲೋವ್’, ‘ನಾಯಿ’, ‘ಆಲ್ಬರ್ಟ್’ ಅಂತ ಬರ್ದು ಕೈ ನಿಂತೋಯ್ತು, ಬಾಕ್ಸ್ ಖಾಲಿ. ಹೀಗೆ ನೋಟ್ಸ್ ಮಾಡೋರು ಎಡಗಡೆ ಏನು ಬರೀತೀರಾ, ಯಾವಾಗ ಬರೀತೀರಾ? ಹೇಳಿ ಪ್ಲೀಸ್.

ಗೋಣಿಕೊಪ್ಪ, ಬಿಎಡ್ ಮುಗಿಸಿದ್ದು

ನಾನು ಎರಡು ವರ್ಷ ಇದೇ ಥರ ಬರ್ದಿದ್ದು, ಕಷ್ಟ ಏನಿಲ್ಲ. ಎಡಗಡೆದನ್ನ ಕ್ಲಾಸಲ್ಲೇ ಮುಗಿಸ್ಬಿಡಿ. ಮೇಡಂ ಹೊಸ ವಿಷಯ ಶುರು ಮಾಡಿದಾಗೆಲ್ಲ ಅದರ ಹೆಡಿಂಗ್ ಎಡಗಡೆ, ವಿವರ ಬಲಗಡೆ. ಡೆಫಿನಿಷನ್ ಚಿಕ್ಕದಾಗಿದ್ರೆ ಅದನ್ನೂ ಎಡಗಡೆನೇ ಹಾಕಿ, ಪರೀಕ್ಷೆ ಹಿಂದಿನ ದಿನ ಎಡಗಡೆ ಮಾತ್ರ ಓದ್ಕೊಂಡು ಹೋಗ್ಬಹುದು. ಅವತ್ತೇ ರಾತ್ರಿ ಮನೇಲಿ ನಾಲ್ಕೈದು ಸಲ ಓದಿ, ಇಲ್ಲಾಂದ್ರೆ ಒಂದೇ ದಿನಕ್ಕೆ ಮೂರರಲ್ಲಿ ಎರಡು ಭಾಗ ಮರ್ತೋಗುತ್ತೆ, ಅದನ್ನ ಎಬ್ಬಿಂಗ್‌ಹೌಸ್ ಯಾವತ್ತೋ ತೋರಿಸಿದಾನೆ. ಅವತ್ತಿಂದು ಅವತ್ತೇ ನೋಡೋದು ಮಾತ್ರ ತಪ್ಪಿಸ್ಬೇಡಿ.

ಸೋಮವಾರಪೇಟೆ ಹತ್ರ, ತೋಟದ ಮನೆ

ನಂದು ಸ್ವಲ್ಪ ಬೇರೆ ಕಥೆ. ಮಕ್ಕಳು ಶಾಲೆಗೆ ಸೇರಿದ್ಮೇಲೆ ದೂರಶಿಕ್ಷಣದಲ್ಲಿ ಡಿಗ್ರಿ ಕಟ್ಟಿದೀನಿ, ಸೈಕಾಲಜಿ ಇದೆ. ನಮ್ಮ ಮನೆ ಹತ್ರ ನೆಟ್‌ವರ್ಕ್ ಬರೋದು ಕಣದ ಆ ಕಡೆ ಮೂಲೇಲಿ ಮಾತ್ರ, ಅಲ್ಲಿ ನಿಂತು ವಿಡಿಯೋ ಡೌನ್‌ಲೋಡ್ ಮಾಡ್ಕೊಂಡು ಬಂದು ರಾತ್ರಿ ಕೇಳೋದು. ಕೇಳ್ತಾ ಕೇಳ್ತಾ ಎರಡು ವಾಕ್ಯಕ್ಕೊಂದು ಸಲ ನಿಲ್ಲಿಸಿ ಬರೀತೀನಿ, ಒಂದು ಗಂಟೆ ಪಾಠಕ್ಕೆ ಮೂರು ಗಂಟೆ ಹಿಡಿಯುತ್ತೆ, ಹನ್ನೊಂದು ಪುಟ ಆಗುತ್ತೆ. ಎಡಗಡೆ ಬರೆಯೋಷ್ಟು ಶಕ್ತಿನೇ ಉಳಿಯಲ್ಲ. ನನ್ನ ಥರದೋರಿಗೆ ಈ ಎರಡು ಕಾಲಂ ಆಗುತ್ತಾ?

ಮಡಿಕೇರಿ, ಸೈಕಾಲಜಿ ಪಾಠ ಮಾಡಿ ನಿವೃತ್ತಿ ಆದವಳು

ಮಗಳೇ, ಮೊದಲು ಸ್ಕೇಲ್ ತಗೋ. ಲಾಂಗ್ ಬುಕ್ಕಲ್ಲಿ ಅಚ್ಚಾಗಿ ಬರೋ ಮಾರ್ಜಿನ್ ಇದೆಯಲ್ಲ, ತುಂಬ ಜನ ಅದನ್ನೇ ಎಡ ಕಾಲಂ ಅಂದ್ಕೊಳ್ತಾರೆ. ಅದರಲ್ಲಿ ಒಂದು ಪದಕ್ಕಿಂತ ಹೆಚ್ಚು ಹಿಡಿಯಲ್ಲ, ಅದಕ್ಕೇ ‘ನಾಯಿ’ ಅಂತ ಬರ್ದು ಕೈ ನಿಲ್ಲೋದು. ಎಡಗಡೆಯಿಂದ 6 ಸೆಂಟಿಮೀಟರ್‌ಗೆ ಗೆರೆ ಎಳಿ, ಕೆಳಗಡೆ 5 ಸೆಂಟಿಮೀಟರ್ ಬಿಡು. ಇದನ್ನ ಬಳಕೆಗೆ ತಂದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಹೇಳಿದ್ದೂ ಹೆಚ್ಚುಕಡಿಮೆ ಇದೇ ಅಳತೆ, ಎಡಕ್ಕೆ ಎರಡೂವರೆ ಇಂಚು, ಕೆಳಗೆ ಎರಡಿಂಚು. ಕ್ಲಾಸಿಗೆ ಹೋಗೋ ಮುಂಚೆನೇ ನಾಲ್ಕು ಪುಟಕ್ಕೆ ಗೆರೆ ಹಾಕಿಟ್ಕೋ.

ಕ್ಲಾಸಲ್ಲಿ ಬಲಗಡೆ ಮಾತ್ರ. ಗೋಣಿಕೊಪ್ಪದೋರು ಎಡಗಡೆದನ್ನೂ ಅಲ್ಲೇ ಬರೀ ಅಂದ್ರಲ್ಲ, ಅದನ್ನ ನಾನು ಒಪ್ಪಲ್ಲ. ಪಾಠ ನಡೀವಾಗ ನಿಂಗೆ ಸಿಗೋದು ಹೆಡಿಂಗ್ ಮಾತ್ರ. ಎಡಗಡೆ ಬೇಕಾಗಿರೋದು ಬಲಗಡೆದನ್ನ ಮುಚ್ಚಿ ನಿನ್ನನ್ನೇ ನೀನು ಕೇಳ್ಕೊಳ್ಳೋಕೆ ಒಂದು ಪದವೋ ಪ್ರಶ್ನೆಯೋ, ಅದು ಪಾಠ ಪೂರ್ತಿ ಕೇಳಿದ್ಮೇಲೇ ಹೊಳೆಯೋದು.

ನಿನ್ನ ಪಾಠದಿಂದಲೇ ತೋರಿಸ್ತೀನಿ. ಎರಡನೇ ಪುಟದಲ್ಲಿ ಬಲಗಡೆ ಹೆಚ್ಚುಕಡಿಮೆ ಹೀಗಿರಬಹುದು: ವಾಟ್ಸನ್, ರೇನರ್, 1920. ಆಲ್ಬರ್ಟ್, ಸುಮಾರು 11 ತಿಂಗಳ ಮಗು. ಬಿಳಿ ಇಲಿ ಕಂಡ್ರೆ ಮೊದಲು ಹೆದರಿಕೆ ಇಲ್ಲ. ಮುಟ್ಟೋಕೆ ಕೈ ಚಾಚಿದಾಗ ಹಿಂದಿನಿಂದ ಸ್ಟೀಲ್ ಸಲಾಕೆಗೆ ಸುತ್ತಿಗೆ ಏಟು. ಕೆಲವು ಸಲ ಹೀಗೆ ಆದ್ಮೇಲೆ ಇಲಿ ಕಂಡ್ರೇ ಅಳು. ಆಮೇಲೆ ಮೊಲ, ನಾಯಿ, ತುಪ್ಪಳದ ಕೋಟಿಗೂ.

ಇದರ ಎದುರು ‘ಆಲ್ಬರ್ಟ್’ ಅಂತ ಬರೆದ್ರೆ ಏನಾಗುತ್ತೆ? ಬಲಗಡೆ ಮುಚ್ಚಿ ನೋಡ್ತೀಯ, ‘ಹಾಂ, ಮಗು, ಇಲಿ, ಗೊತ್ತು’ ಅಂತ ಮುಂದೆ ಹೋಗ್ತೀಯ. ಕಥೆ ಗೊತ್ತು, ಕಥೆಯಲ್ಲಿ ಯಾವುದು ಏನು ಅನ್ನೋದು ಗೊತ್ತಿಲ್ಲ. ಇನ್ನು ‘ಸಿಎಸ್ = ಇಲಿ’, ಅಂದ್ರೆ ಕಲಿತ ಮೇಲೆ ಪ್ರತಿಕ್ರಿಯೆ ಬರಿಸೋ ಸೂಚನೆ ಇಲಿ, ಅಂತ ಬರೆದ್ರೆ ಉತ್ತರ ಅಲ್ಲೇ ಇದೆ, ನೆನಪಿಸ್ಕೊಳ್ಳೋಕೆ ಏನೂ ಉಳಿದಿಲ್ಲ. ನಾನು ಅಲ್ಲಿ ಬರೆಯೋದು ಹೀಗೆ: ‘ಸದ್ದು — ನಾಯಿಗೆ ಯಾವುದು? ಆಲ್ಬರ್ಟ್‌ಗೆ ಯಾವುದು?’

ಈಗ ಬಲಗಡೆ ಮುಚ್ಚಿ ಬಾಯಿಬಿಟ್ಟು ಉತ್ತರ ಹೇಳಿ ನೋಡು. ಪಾವ್ಲೋವ್ ನಾಯಿಗೆ ಊಟ ಬಾಯಿಗೆ ಬಿದ್ರೆ ಜೊಲ್ಲು ತಾನಾಗೇ ಬರುತ್ತೆ, ಅದನ್ನ ಯಾರೂ ಕಲಿಸ್ಬೇಕಿಲ್ಲ. ಮೆಟ್ರೋನೋಮ್ ಟಿಕ್ ಟಿಕ್ ಅನ್ನೋ ಸದ್ದಿಗೆ ಮೊದಲು ಜೊಲ್ಲು ಬರ್ತಿರಲಿಲ್ಲ, ಸದ್ದಿನ ಹಿಂದೆ ಊಟ ಬಂದು ಬಂದು ಆಮೇಲೆ ಬರೋಕೆ ಶುರುವಾಯ್ತು. ಹಾಗಾಗಿ ಅಲ್ಲಿ ಸದ್ದು ಸಿಎಸ್. ಆಲ್ಬರ್ಟ್ ಹತ್ರ ಪೂರ್ತಿ ಉಲ್ಟಾ. ದಢ್ ಅಂತ ಸದ್ದಾದ್ರೆ ಯಾವ ಮಗುವಾದ್ರೂ ಬೆಚ್ಚುತ್ತೆ, ಅದು ಕಲಿತದ್ದಲ್ಲ. ಇಲ್ಲಿ ಸದ್ದು ಯುಸಿಎಸ್, ಅಂದ್ರೆ ಕಲಿಸದೇ ತಾನಾಗೇ ಪ್ರತಿಕ್ರಿಯೆ ಬರಿಸೋದು, ಇಲಿಯೇ ಸಿಎಸ್. ‘ಸದ್ದು ಅಂದ್ರೆ ಸಿಎಸ್’ ಅಂತ ಬಾಯಿಪಾಠ ಮಾಡ್ಕೊಂಡು ಬಂದು ಆಲ್ಬರ್ಟ್ ಪ್ರಶ್ನೆಗೆ ತಪ್ಪು ಬರೆದ ಉತ್ತರಪತ್ರಿಕೆಗಳನ್ನ ನಾನು ಎಷ್ಟು ನೋಡಿದೀನೋ. ಪುಟದ ಎರಡು ಜಾಗಾನ ಒಂದಕ್ಕೊಂದು ಎದುರು ನಿಲ್ಲಿಸಿ ಕೇಳೋ ಇಂಥ ಸುಳಿವುಗಳೇ ಬೆಲೆಯವು, ಪುಟಕ್ಕೆ ಐದಾರು ಸಾಕು, ಅದರಲ್ಲಿ ಇಂಥದ್ದು ಒಂದೋ ಎರಡೋ ಇರ್ಲಿ.

ಕ್ಲಾಸಲ್ಲಿ ನಾನು ಇದಕ್ಕೆ ನಮ್ಮೂರಿನ ಉದಾಹರಣೆ ಕೊಡ್ತಿದ್ದೆ. ತೋಟಕ್ಕೆ ಆನೆ ಬಂದಾಗ ಓಡಿಸೋಕೆ ಜೀಪ್ ಬರುತ್ತೆ, ಆಮೇಲೆ ಪಟಾಕಿ. ನಮ್ಮ ಮನೆ ನಾಯಿ ಮೊದಮೊದಲು ಪಟಾಕಿಗೆ ಮಂಚದಡಿ ಹೋಗ್ತಿತ್ತು, ಆಮೇಲಾಮೇಲೆ ದೂರದಲ್ಲಿ ಆ ಜೀಪ್ ಗೇರ್ ಬದಲಾಯಿಸೋದು ಕೇಳಿದ್ರೇ ಹೋಗೋಕೆ ಶುರು ಮಾಡ್ತು. ಇಲ್ಲಿ ಸದ್ದು ಎರಡಿವೆ. ಪಟಾಕಿದು ಯಾವುದು, ಜೀಪಿಂದು ಯಾವುದು ಅಂತ ನೀನೇ ಎಡಗಡೆ ಬರ್ಕೊಂಡು ಉತ್ತರ ಹೇಳು.

ಎಬ್ಬಿಂಗ್‌ಹೌಸ್ ಮಾತು ಬಂತಲ್ಲ, ಅದು ಅರ್ಧ ಸರಿ. 1885ರಲ್ಲಿ ಪ್ರಕಟಿಸಿದ ಆ ಕೆಲಸ ಅವನು ತನ್ನ ಮೇಲೇ ಮಾಡ್ಕೊಂಡಿದ್ದು, ಅದೂ ಅರ್ಥವೇ ಇಲ್ಲದ ಅಕ್ಷರಗುಂಪುಗಳನ್ನ ಬಾಯಿಪಾಠ ಮಾಡಿ. ಅರ್ಥ ಇರೋ ಪಾಠ ಅಷ್ಟು ಬೇಗ, ಅದೇ ಲೆಕ್ಕದಲ್ಲಿ ಜಾರಲ್ಲ. ಬೇಗ ಮರೆಯೋದು ಮೊದಲ ಹೊತ್ತಲ್ಲೇ ಅನ್ನೋದು ನಿಜ, ಹಾಗಾಗಿ ಅವತ್ತೇ ಎಡಗಡೆ ಬರಿ ಅನ್ನೋದನ್ನ ನಾನೂ ಹೇಳ್ತೀನಿ. ನಾಲ್ಕೈದು ಸಲ ಓದೋದನ್ನ ಮಾತ್ರ ಬಿಡು.

ಗೋಣಿಕೊಪ್ಪ, ಬಿಎಡ್ ಮುಗಿಸಿದ್ದು

ಮೇಡಂ, ಸದ್ದಿನ ವಿಷಯ ನಾನೂ ಯೋಚಿಸಿರಲಿಲ್ಲ, ನನ್ನ ಹಳೇ ನೋಟ್ಸ್ ತೆಗೆದು ನೋಡಿದ್ರೆ ಎಡಗಡೆ ‘ಸಿಎಸ್ – ಗಂಟೆ ಸದ್ದು’ ಅಂತ ಉತ್ತರನೇ ಬರ್ದಿಟ್ಟಿದೀನಿ. ಆದ್ರೆ ಓದೋದು ಬೇಡ ಅಂದ್ರೆ ಹೇಗೆ? ನಾನು ಓದಿ ಓದಿನೇ ಪಾಸಾಗಿದ್ದು.

ಮಡಿಕೇರಿ, ಸೈಕಾಲಜಿ ಪಾಠ ಮಾಡಿ ನಿವೃತ್ತಿ ಆದವಳು

ಓದಿದ್ರೆ ಮಾರನೇ ದಿನದ ಪರೀಕ್ಷೆ ಆಗುತ್ತೆ, ಅದು ಸುಳ್ಳಲ್ಲ. ರೋಡಿಗರ್, ಕಾರ್ಪಿಕೆ ಅಂತ ಇಬ್ರು 2006ರಲ್ಲಿ ಇದನ್ನೇ ನೋಡಿದ್ರು. ಎರಡು ಚಿಕ್ಕ ಗದ್ಯಭಾಗ ಓದಿಸಿ, ಒಂದನ್ನ ಮತ್ತೊಂದು ಸಲ ಓದೋಕೆ ಹೇಳಿದ್ರು, ಇನ್ನೊಂದನ್ನ ನೋಡದೆ ನೆನಪಿದ್ದಷ್ಟು ಬರೆಯೋಕೆ ಹೇಳಿದ್ರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದ್ದೇ ಸ್ವಲ್ಪ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ನೋಡದೆ ಬರೆದದ್ದರಲ್ಲಿ ನೂರಕ್ಕೆ 56, ಬರೀ ಓದಿದ್ದರಲ್ಲಿ 42. ಸೆಮಿಸ್ಟರ್ ಪರೀಕ್ಷೆ ಇರೋದು ತಿಂಗಳುಗಟ್ಟಲೆ ಆಚೆ, ಅದಕ್ಕೆ ಮುಚ್ಚಿ ಹೇಳು ಅಂದಿದ್ದು. ಎಡಗಡೆ ಉತ್ತರ ಬರೆದಿಟ್ಟಿದ್ರೆ ಮುಚ್ಚಿದ್ರೂ ಓದಿದ ಹಾಗೇ.

ಸೋಮವಾರಪೇಟೆಯ ತಂಗಿ, ನಿಲ್ಲಿಸದೆ ಕೇಳಿ ನೋಡಮ್ಮ. ತಪ್ಪಿದ ಕಡೆ ಎರಡು ಸಾಲು ಖಾಲಿ ಬಿಟ್ಟು ನಿಮಿಷ ಎಷ್ಟಾಗಿದೆ ಅಂತ ಮಾತ್ರ ಬರ್ಕೋ, ಪೂರ್ತಿ ಮುಗಿದ್ಮೇಲೆ ಆ ಜಾಗಕ್ಕೆ ಮಾತ್ರ ವಾಪಸ್ ಹೋಗು. ಹನ್ನೊಂದು ಪುಟ ಅಂದ್ರೆ ಅದು ನೋಟ್ಸ್ ಆಗಿಲ್ಲ, ಪಾಠದ ನಕಲು ಆಗಿದೆ. ನಾಲ್ಕು ಪುಟಕ್ಕೆ ಇಳಿದ್ರೆ ಎಡಗಡೆಗೆ ಶಕ್ತಿ ಉಳಿಯುತ್ತೆ.

ಕುಶಾಲನಗರ, ಎಂಎ ಓದ್ತಾ ಇರೋನು

ಮೇಡಂ ಹೇಳಿದ್ದೆಲ್ಲ ಒಪ್ತೀನಿ, ಕೆಳಗಿನ ಬಾಕ್ಸ್ ಬಗ್ಗೆ ಯಾರೂ ಹೇಳ್ಲಿಲ್ಲ, ಅದು ನಾನು ಹೇಳ್ತೀನಿ. ಮೊದಲು ನಾನು ‘ಇವತ್ತು ಪಾವ್ಲೋವ್, ವಾಟ್ಸನ್ ಪ್ರಯೋಗಗಳ ಬಗ್ಗೆ ತಿಳಿದೆವು’ ಅಂತ ಬರೀತಿದ್ದೆ. ಪಾಠಕ್ಕೆ ಬರದೇ ಇರೋನೂ ಹೆಡಿಂಗ್ ನೋಡಿ ಅದನ್ನ ಬರೀಬಹುದು. ಈಗ ಎಡ ಬಲ ಎರಡೂ ಮುಚ್ಚಿಟ್ಟು ಹೆಸರು, ಇಸವಿ ಒಂದೂ ಹಾಕದೆ ಮೂರು ವಾಕ್ಯ ಬರೀತೀನಿ. ಈ ಪಾಠಕ್ಕೆ ನಾನು ಬರೆದಿದ್ದು ಇದು: ‘ತಾನಾಗೇ ಪ್ರತಿಕ್ರಿಯೆ ಬರಿಸೋದರ ಮುಂಚೆ ಬೇರೇನೋ ಮತ್ತೆ ಮತ್ತೆ ಬಂದ್ರೆ ಆ ಬೇರೇದಕ್ಕೂ ಪ್ರತಿಕ್ರಿಯೆ ಅಂಟ್ಕೊಳ್ಳುತ್ತೆ, ಅದನ್ನ ಹೋಲುವ ವಸ್ತುಗಳಿಗೂ ಹರಡುತ್ತೆ. ಹಿಂದೆ ಏನೂ ಬರದೆ ಬರೀ ಸೂಚನೆ ಬರ್ತಾ ಇದ್ರೆ ಪ್ರತಿಕ್ರಿಯೆ ಕುಗ್ಗುತ್ತೆ. ಪೂರ್ತಿ ಅಳಿಸಲ್ಲ, ಸ್ವಲ್ಪ ದಿನ ಬಿಟ್ಟು ಅದೇ ಸೂಚನೆ ಕೊಟ್ರೆ ಮತ್ತೆ ಕಾಣಿಸ್ಕೊಳ್ಳುತ್ತೆ.’

ಕೊನೇ ವಾಕ್ಯ ಬರೆಯೋಕೆ ಆಗದೆ ಇದ್ದಾಗಲೇ ನಂಗೆ ಗೊತ್ತಾಗಿದ್ದು, ಸ್ಪಾಂಟೇನಿಯಸ್ ರಿಕವರಿ ಹೇಳೋ ಹೊತ್ತಿಗೆ ನಾನು ಕಿಟಕಿ ಆಚೆ ಮಳೆ ನೋಡ್ತಾ ಇದ್ದೆ, ನೋಟ್ಸಲ್ಲಿ ಆ ಜಾಗ ಖಾಲಿ. ಒಂದು ವಿಷಯದಲ್ಲಿ ಮಾತ್ರ ನನ್ನ ದಾರಿ ಬೇರೆ, ಎಡಗಡೆ ಬರೆಯೋದು ಅವತ್ತಲ್ಲ, ಮಾರನೇ ದಿನ. ಅವತ್ತೇ ಬರೆದ್ರೆ ಎಲ್ಲಾ ಗೊತ್ತಿದೆ ಅನ್ಸುತ್ತೆ, ಸುಲಭದ ಪ್ರಶ್ನೆಗಳೇ ಬೀಳುತ್ತೆ.

ಮಡಿಕೇರಿ, ಸೈಕಾಲಜಿ ಪಾಠ ಮಾಡಿ ನಿವೃತ್ತಿ ಆದವಳು

ನಿನ್ನ ಮಾತಲ್ಲಿ ಹುರುಳಿದೆ, ಆದ್ರೆ ಮೊದಲ ವರ್ಷದೋರಿಗೆ ಮಾರನೇ ದಿನಕ್ಕೆ ಅವರ ಅಕ್ಷರವೇ ಅವರಿಗೆ ಅರ್ಥ ಆಗಲ್ಲ. ಅರ್ಧ ಬರೆದ ಸಾಲು ಪೂರ್ತಿ ಮಾಡೋಕೆ ಅವತ್ತೇ ಕೂರಬೇಕು. ಸಾರಾಂಶ ಬೇಕಾದ್ರೆ ಮಾರನೇ ದಿನಕ್ಕೆ ಇಡ್ಲಿ.

ಕುಶಾಲನಗರ, ಎಂಎ ಓದ್ತಾ ಇರೋನು

ಸಾಲು ಪೂರ್ತಿ ಮಾಡೋದು ಅವತ್ತೇ, ಸರಿ ಮೇಡಂ. ಪ್ರಶ್ನೆ ಮಾತ್ರ ನಾನು ಮಾರನೇ ದಿನನೇ.

ವಿರಾಜಪೇಟೆ, ಬಿಎ ಮೊದಲ ವರ್ಷ

ಎಲ್ರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಕರೆಂಟ್ ಹೋಗಿತ್ತು, ಮೇಣದಬತ್ತಿ ಇಟ್ಕೊಂಡು ಗೆರೆ ಮತ್ತೆ ಎಳೆದು ಒಂದೇ ಪುಟ ಮಾಡ್ದೆ. ಆರು ಸುಳಿವು ಬರ್ದು, ಬಲಗಡೆ ಮುಚ್ಚಿ ಅಮ್ಮಂಗೆ ಜೋರಾಗಿ ಹೇಳ್ದೆ, ನಾಲ್ಕು ಬಂತು. ಪಟಾಕಿ ಯುಸಿಎಸ್, ಜೀಪ್ ಸಿಎಸ್, ಸರಿನಾ ಮೇಡಂ? ಬರದೇ ಇದ್ದ ಎರಡರಲ್ಲಿ ಒಂದು, ‘ಆಲ್ಬರ್ಟ್ ಅಳು — ಯುಸಿಆರ್ ಯಾವಾಗ, ಸಿಆರ್ ಯಾವಾಗ?’ ಅಂತ ನಾನೇ ಬರ್ದಿದ್ದು. ಎರಡೂ ಅಳುನೇ ಅಲ್ವಾ, ಅಂತ ಅಮ್ಮ ಕೇಳಿದ್ರು, ನಂಗೂ ಹೇಳೋಕಾಗ್ಲಿಲ್ಲ.

ಮಡಿಕೇರಿ, ಸೈಕಾಲಜಿ ಪಾಠ ಮಾಡಿ ನಿವೃತ್ತಿ ಆದವಳು

ಪಟಾಕಿ, ಜೀಪು ಎರಡೂ ಸರಿ. ಅಮ್ಮ ಕೇಳಿದ್ದೂ ಒಳ್ಳೇ ಪ್ರಶ್ನೆ. ಅಳು ಒಂದೇ ಥರ ಕಂಡ್ರೂ ಹೆಸರು ಬರೋದು ಅದನ್ನ ಎಬ್ಬಿಸಿದ್ದು ಯಾವುದು ಅನ್ನೋದರಿಂದ. ಸಲಾಕೆ ಸದ್ದಿಗೆ ಅತ್ರೆ ಯುಸಿಆರ್, ಸದ್ದೇ ಇಲ್ಲದೆ ಬರೀ ಇಲಿ ಕಂಡು ಅತ್ರೆ ಸಿಆರ್. ಆ ಸುಳಿವನ್ನ ಅಳಿಸ್ಬೇಡ, ಪಕ್ಕದಲ್ಲಿ ಚಿಕ್ಕ ಚುಕ್ಕೆ ಇಟ್ಟು ಭಾನುವಾರ ಮತ್ತೆ ಅದನ್ನೇ ಮೊದಲು ಕೇಳ್ಕೋ.