ಎಚ್‌ವೈ ಇಲಿ ಡೇಟಾ: ಗಂಡಿನ ತೈಮಸ್‌ನಾಗ ಡಬಲ್ ಪಾಸಿಟಿವ್ ಸೆಲ್ಲೇ ಇಲ್ಲ, ಸೆಲ್ ಆರಿಸೋ ಗೇಟಿಂಗ್ ತಪ್ಪೇನ್ರಿ?

ಸವಿ_ಪುಣೆ
ಪುಣೆದಾಗ ಎಮ್ಮೆಸ್ಸಿ ಮಾಡಾಕತ್ತೀನ್ರಿ, ಊರು ಬೆಳಗಾವಿ. ಪ್ರಾಕ್ಟಿಕಲ್‌ಗೆ ಹಳೇ ಫ್ಲೋ ಸೈಟೋಮೆಟ್ರಿ ಫೈಲ್ ಕೊಟ್ಟಾರ, ಎಚ್‌ವೈ ಟ್ರಾನ್ಸ್‌ಜೆನಿಕ್ ಇಲಿದು. ಅಂದ್ರ ಹೆಚ್ಚುಕಮ್ಮಿ ಎಲ್ಲಾ ಟಿ ಸೆಲ್ಲಿಗೂ ಒಂದ ರಿಸೆಪ್ಟರ್, ಗಂಡಿನ ವೈ ಕ್ರೋಮೋಸೋಮಿನ ಪ್ರೋಟೀನ್ ತುಂಡನ್ನ ಹಿಡಿಯುವಂಥಾದ್ದು. ಹೆಣ್ಣಿನ ತೈಮಸ್, ಅಂದ್ರ ಟಿ ಸೆಲ್ ಬಲಿಯೋ ಗ್ರಂಥಿ, ಅದರ ಪ್ಲಾಟ್ ಬರೋಬರಿ ಬರ್ತದ, ಮ್ಯಾಲೆ ಬಲಕ್ಕ ಸಿಡಿ4, ಸಿಡಿ8 ಎರಡೂ ಇರೋ ಡಬಲ್ ಪಾಸಿಟಿವ್ ಗುಂಪು, ಸಿಡಿ8 ಒಂದ ಇರೋವು ಸ್ವಲ್ಪ ಜಾಸ್ತಿ. ಗಂಡಿಂದು ತಗದ್ರ ಆ ಮೂಲಿ ಪೂರಾ ಖಾಲಿ, ಎರಡೂ ಇಲ್ಲದ ಡಬಲ್ ನೆಗೆಟಿವ್ ಅಷ್ಟ ಉಳದಾವ. ನೆಗೆಟಿವ್ ಸೆಲೆಕ್ಷನ್, ಅಂದ್ರ ಸ್ವಂತ ಮೈಯನ್ನ ಹಿಡಿಯೋ ಸೆಲ್ ಕೊಲ್ಲೂದು, ತೈಮಸ್ಸಿನ ಒಳಭಾಗ ಮೆಡುಲ್ಲಾದಾಗ ಕಡೀಕ ಆಗ್ತದ ಅಂತ ಓದೀನಿ, ಹಂಗಿದ್ರ ಅದಕ್ಕಿಂತ ಮೊದಲಿನ ಡಬಲ್ ಪಾಸಿಟಿವ್ ಸೆಲ್ ಯಾಕ ಇಲ್ಲ? ಇನ್ನೊಂದು, ಪಾಸಿಟಿವ್, ನೆಗೆಟಿವ್ ಎರಡೂ ಸೆಲೆಕ್ಷನ್ ಟೆಸ್ಟಿನಾಗ ಪ್ರೋಟೀನ್ ತುಂಡು ತೋರಿಸೋ ನಮ್ಮದ ಎಂಎಚ್‌ಸಿ ಹಿಡಿಬೇಕು ಅಂದ್ರ, ಹಿಡದ್ರ ಬದುಕೋ ಮೊದಲನೇದು ಪಾಸಾದವ್ರು ಎರಡನೇದ್ರಾಗ ಸಾಯಬೇಕಲ್ಲ, ಉಳಿಯೂದ್ ಯಾರು?

ಡೊಂಬಿವ್ಲಿ_ಫಾಸ್ಟ್
ಗೇಟಿಂಗ್ ಅಲ್ಲ, ಸ್ಟ್ರೆಸ್. ಇಲಿಗೆ ಹುಷಾರಿಲ್ಲ ಅಂದ್ರೆ ಸ್ಟೀರಾಯ್ಡ್ ಏರುತ್ತೆ, ಮೊದಲು ಸಾಯೋದು ಡಬಲ್ ಪಾಸಿಟಿವ್‌ಗಳೇ. ಆ ಫೈಲ್ ಬಿಸಾಕಿ ಬೇರೆ ಕೇಳಿ.

ಮಾಟುಂಗದ_ಭಟ್ರು
ಬಿಸಾಡ್ಬೇಡಿ ಮಾರಾಯ್ರೆ! ಸ್ಟ್ರೆಸ್ಸಿಗೆ ಅವು ಸಾಯ್ತವೆ ಅನ್ನೋದು ಸರಿಯೇ, ಆದ್ರೆ ಸ್ಟ್ರೆಸ್ ರಿಸೆಪ್ಟರ್ ನೋಡಿ ಕೊಲ್ಲೂದಿಲ್ಲ. ಟ್ರಾನ್ಸ್‌ಜೀನ್ ಇಲ್ಲದ ಅದೇ ಸೂಲಿನ ಗಂಡಿನ ಫೈಲ್ ಇದ್ರೆ ತೆಗೆದು ನೋಡಿ. ಅದ್ರಲ್ಲೂ ಡಬಲ್ ಪಾಸಿಟಿವ್ ಇಲ್ಲಾಂದ್ರೆ ಸ್ಟ್ರೆಸ್, ಅದ್ರಲ್ಲಿ ತುಂಬಿದ್ದು ಟ್ರಾನ್ಸ್‌ಜೆನಿಕ್ ಗಂಡಿನಲ್ಲಿ ಮಾತ್ರ ಖಾಲಿ ಆದ್ರೆ ಅದು ಡಿಲೀಷನ್, ಅಂದ್ರೆ ನೆಗೆಟಿವ್ ಸೆಲೆಕ್ಷನ್ನಿನಲ್ಲಿ ಸೆಲ್ ಸತ್ತದ್ದು. ಒಟ್ಟು ಸೆಲ್ ಕೌಂಟ್ ಸಹ ನೋಡಿ, ಎಚ್‌ವೈ ಗಂಡಿನ ತೈಮಸ್ ತೀರಾ ಸಣ್ಣದಿರ್ತದೆ. 1988ರಲ್ಲಿ ಫಾನ್ ಬೋಮರ್ ಅವ್ರ ಗುಂಪು ಪ್ರಕಟಿಸಿದ ಗಂಡಿನ ಪ್ಲಾಟೂ ನಿಮ್ಮದರ ಹಾಗೇ.

ಈಗ ಡಬಲ್ ಪಾಸಿಟಿವ್ ಹಂತಕ್ಕೇ ಯಾಕೆ ಬರ್ಲಿಲ್ಲ. ಎರಡು ಕಾರಣ. ಇನ್ಸುಲಿನ್ ತರದ ಪ್ರೋಟೀನನ್ನ ಟಿ ಸೆಲ್ಲಿಗೆ ತೋರಿಸ್ಲಿಕ್ಕೆ ಮೆಡುಲ್ಲಾದ ಎಪಿಥೀಲಿಯಲ್ ಸೆಲ್ಲೇ ಬೇಕು, ಆದ್ರೆ ಈ ಗಂಡು ಪ್ರೋಟೀನು ಮೈಯ ಎಲ್ಲಾ ಕಡೆ ಉಂಟು, ತೈಮಸ್ಸಿನ ಹೊರಭಾಗ ಕಾರ್ಟೆಕ್ಸಿನಲ್ಲೂ ಉಂಟು, ಹಾಗಾಗಿ ಮೆಡುಲ್ಲಾದವರೆಗೆ ಕಾಯೂದೇ ಬೇಡ. ಎರಡನೇದು ಈ ಮಾದರಿಯದ್ದೇ ಐಬು: ಸಾಮಾನ್ಯ ಇಲಿಯಲ್ಲಿ ರಿಸೆಪ್ಟರಿನ ಆಲ್ಫಾ ಚೈನ್ ಡಬಲ್ ಪಾಸಿಟಿವ್ ಹಂತದಲ್ಲಿ ಬರೂದು, ಇಲ್ಲಿ ರೆಡಿಮೇಡ್ ಹಾಕಿದ್ದರಿಂದ ಡಬಲ್ ನೆಗೆಟಿವ್ ಇರುವಾಗ್ಲೇ ಬಂದುಬಿಡ್ತದೆ, ಅಂದ್ರೆ ಪರೀಕ್ಷೆ ಹೊತ್ತಿಗೆ ಮುಂಚೆ ಆಯ್ತು. ಆಲ್ಫಾ ಸರಿಯಾದ ಹಂತದಲ್ಲಿ ಆನ್ ಆಗುವ ಹಾಗೆ ಆಮೇಲೆ ಮಾಡಿದ ಇಲಿಯ ಗಂಡಿನಲ್ಲಿ ಡಬಲ್ ಪಾಸಿಟಿವ್ ಗುಂಪು ಕಾಣ್ತದೆ, ಡಿಲೀಷನ್ ಅದರ ನಂತರ. ಹಾಗಾಗಿ ನಿಮ್ಮ ಪ್ಲಾಟ್ ಹಿಡ್ಕೊಂಡು ನೆಗೆಟಿವ್ ಸೆಲೆಕ್ಷನ್ ಯಾವ ಹಂತದಲ್ಲಿ ಅಂತ ರಿಪೋರ್ಟಿನಲ್ಲಿ ಬರೀಬೇಡಿ.

ನಿಮ್ಮ ಎರಡನೇ ಪ್ರಶ್ನೆಗೂ ಈ ಇಲಿಯೇ ಉತ್ತರ. ರಿಸೆಪ್ಟರ್ ಒಂದೇ, ಗತಿ ಮೂರು. ಹೆಣ್ಣಿನಲ್ಲಿ ಡಿಬಿ ಅನ್ನುವ ಎಂಎಚ್‌ಸಿ ಉಂಟು, ಗಂಡು ತುಂಡು ಇಲ್ಲ, ಬೇರೆ ಏನೋ ಸ್ವಂತ ಪೆಪ್ಟೈಡ್ ಜೊತೆ ಸ್ವಲ್ಪ ಅಂಟ್ತದೆ, ಅಷ್ಟು ಸಾಕು, ಬದುಕಿ ಸಿಡಿ8 ಆಗ್ತದೆ. ಗಂಡಿನಲ್ಲಿ ಅದೇ ಡಿಬಿ ಮೇಲೆ ಗಂಡು ತುಂಡು, ಹಿಡಿತ ಗಟ್ಟಿ, ಸಾವು. ಡಿಬಿಯೇ ಇಲ್ಲದ ತಳಿಯ ಹೆಣ್ಣಾದ್ರೆ ಹಿಡಿಲಿಕ್ಕೆ ಏನೂ ಇಲ್ಲ, ಡಬಲ್ ಪಾಸಿಟಿವ್‌ನಲ್ಲೇ ನಿಂತು ಮೂರು ನಾಲ್ಕು ದಿನಕ್ಕೆ ತಾನಾಗಿ ಸಾಯ್ತದೆ. ಕೇಳೂದು ಹಿಡಿತೀಯಾ ಅಂತಲ್ಲ, ಎಷ್ಟು ಹಿಡಿತೀಯಾ ಅಂತ. ಇನ್ನೊಂದು ವಿಷಯ, ಎಳೇ ಸೆಲ್ಲು ಬಲಿತದ್ದಕ್ಕಿಂತ ಸೂಕ್ಷ್ಮ. ತೈಮಸ್‌ನಲ್ಲಿ ಬದುಕಿಸಿದ ಆ ಸಣ್ಣ ಹಿಡಿತ ಹೊರಗೆ ಬಂದಮೇಲೆ ಆ ಸೆಲ್ಲನ್ನ ಕೆರಳಿಸ್ಲಿಕ್ಕೆ ಸಾಲೂದಿಲ್ಲ, ಮೈಮೇಲೆ ಬೀಳದೆ ಇರೂದು ಹೀಗೆ.

ವಾಸ್ಕೋ_ಮಂಜು
ಸರ್ ನಡುವೆ ಕೇಳ್ತಿದೀನಿ ಬೇಜಾರಾಗ್ಬೇಡಿ. ನನ್ನ ಮಗನಿಗೆ ಟೈಪ್ 1 ಶುಗರ್. ಇನ್ಸುಲಿನ್ ತೈಮಸ್‌ನಲ್ಲಿ ತೋರಿಸ್ತಾರೆ ಅಂದ್ರಲ್ಲ, ಅವನಿಗೆ ತೋರಿಸ್ಲಿಲ್ವಾ? ಟೆಸ್ಟ್ ಏನಾದ್ರೂ ಇದೆಯಾ?

ಮಾಟುಂಗದ_ಭಟ್ರು
ಬೇಜಾರೇನಿಲ್ಲ ಮಂಜು. ಪೂರ್ತಿ ತೋರಿಸದೇ ಇರೂದು ಬಹಳ ಅಪರೂಪ. ತೈಮಸ್ಸಿನಲ್ಲಿ ಇಂಥ ಪ್ರೋಟೀನ್ ತೋರಿಸುವ ಏರ್ ಅನ್ನುವ ಜೀನ್ ಕೆಟ್ಟ ಮಕ್ಕಳಲ್ಲಿ ಶುಗರ್‌ಗಿಂತ ಮೊದಲು ಬಾಯಲ್ಲಿ ಫಂಗಸ್, ಕ್ಯಾಲ್ಸಿಯಂ ಕಮ್ಮಿ, ಅಡ್ರಿನಲ್ ತೊಂದರೆ ಹೀಗೆ ಕಾಣ್ತದೆ. ಮಾಮೂಲಿ ಟೈಪ್ 1ರಲ್ಲಿ ದೊಡ್ಡ ಪಾಲು ಎಚ್‌ಎಲ್‌ಎ, ಅಂದ್ರೆ ಮನುಷ್ಯರ ಎಂಎಚ್‌ಸಿ, ಜೀನುಗಳದ್ದು. ಇನ್ಸುಲಿನ್ ಜೀನಿನ ಮುಂದಿನ ತುಂಡು ಒಬ್ಬೊಬ್ಬರಲ್ಲಿ ಒಂದೊಂದು ಉದ್ದ, ಉದ್ದದ್ದು ಇದ್ದವರ ತೈಮಸ್‌ನಲ್ಲಿ ಇನ್ಸುಲಿನ್ ಜಾಸ್ತಿ ತಯಾರಾಗ್ತದೆ, ಅವ್ರಿಗೆ ರಿಸ್ಕ್ ಕಮ್ಮಿ. ಅದು ಹೆಚ್ಚುಕಮ್ಮಿಯ ಲೆಕ್ಕ, ಮಗನ ತೈಮಸ್ ಹೇಗಿತ್ತು ಅಂತ ಹೇಳುವ ರಕ್ತಪರೀಕ್ಷೆ ಇಲ್ಲ. ಔಷಧಿ ವಿಷಯ ನಿಮ್ಮ ಡಾಕ್ಟರ್ ಹತ್ರವೇ.

ಡೊಂಬಿವ್ಲಿ_ಫಾಸ್ಟ್
ಸರಿ, ಕಂಟ್ರೋಲ್ ವಿಷಯ ಒಪ್ಪಿದೆ. ಆದ್ರೆ ಎಲ್ಲಾ ಡಿಲೀಟ್ ಆದ್ರೆ ಗಂಡಿನ ಸ್ಪ್ಲೀನ್‌ನಲ್ಲಿ ಆ ರಿಸೆಪ್ಟರಿನ ಸೆಲ್ ಇರಲೇಬಾರದು, ಇವೆಯಲ್ಲ?

ಸವಿ_ಪುಣೆ
ಹೌದ್ರಿ, ಸ್ಪ್ಲೀನ್ ಫೈಲ್‌ನಾಗ ಈ ರಿಸೆಪ್ಟರ್ ಗುರುತಿಸೋ ಟಿ3.70 ಸ್ಟೇನ್ ಹತ್ತಿದ್ದು ಅದಾವ, ಆದ್ರ ಸಿಡಿ8 ಭಾಳ ಕಮ್ಮಿ ಅದ ಅವುಕ್ಕ.

ಮಾಟುಂಗದ_ಭಟ್ರು
ಅದೇ. ಸಿಡಿ8 ಕಮ್ಮಿ ಇದ್ರೆ ಒಟ್ಟು ಹಿಡಿತವೂ ಕಮ್ಮಿ, ಹಾಗೆ ತಪ್ಪಿಸ್ಕೊಂಡವು ಅಂತ ಒಂದು ವಾದ. ಆಲ್ಫಾ ಬೇಗ ಬಂದದ್ದರಿಂದ ಹುಟ್ಟಿದ ಬೇರೆಯೇ ಜಾತಿ ಅಂತ ಇನ್ನೊಂದು ವಾದ. ನಂಗೆ ಎರಡನೇದು ಜಾಸ್ತಿ ಹಿಡಿಸ್ತದೆ. ನಿಮ್ಮ ಫೋಲ್ಡರಿನಲ್ಲಿ ಟ್ರಾನ್ಸ್‌ಜೀನ್ ಇಲ್ಲದ ಗಂಡು ಸಿಕ್ತಾ?

ಸವಿ_ಪುಣೆ
ಸಿಕ್ತ್ರಿ, ಅದ್ರಾಗ ಡಬಲ್ ಪಾಸಿಟಿವ್ ಮೂಲಿ ಫುಲ್. ಡಿಲೀಷನ್ ಅಂತ ಬರೀತೀನಿ, ಹಂತದ ಮಾತು ಬಿಡ್ತೀನಿ.